ನೊಗ ಕಳಚಿದ ಸಕ್ಕರೆ

ಅಂಗಡಿಯ ಫ್ರಿಜ್ಜಿನಲ್ಲಿರುವ ಲ್ಯಾಕ್ಟೋಸ್‌ಮುಕ್ತ ಹಾಲಿನ ಪೊಟ್ಟಣವನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರ ಓದಿ. ಸಕ್ಕರೆ ಬೆರೆಸಿಲ್ಲ ಎಂದಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಲ್ಯಾಕ್ಟೇಸ್ ಎಂಬ ಕಿಣ್ವ ಬಿಟ್ಟರೆ ಬೇರೇನೂ ಇರುವುದಿಲ್ಲ. ಲೋಟಕ್ಕೆ ಸುರಿದು ಕುಡಿದರೆ ಮಾತ್ರ ಯಾರೋ ಒಂದು ಚಮಚ ಸಕ್ಕರೆ ಹಾಕಿ ಕಲಕಿಟ್ಟಂತಿದೆ. ಮೊದಲ ಸಲ ಕುಡಿದವರಲ್ಲಿ ಅನೇಕರು ಕಂಪನಿಯವರು ಸುಳ್ಳು ಹೇಳುತ್ತಿದ್ದಾರೆ ಎಂದೇ ಗುಮಾನಿ ಪಡುತ್ತಾರೆ. ಪೌಷ್ಟಿಕಾಂಶದ ಪಟ್ಟಿ ನೋಡಿದರೆ ಗುಮಾನಿ ಇನ್ನಷ್ಟು ಬಲಿಯುತ್ತದೆ. ನೂರು ಮಿಲಿಲೀಟರಿಗೆ ಸುಮಾರು 4.7 ಗ್ರಾಂ ಸಕ್ಕರೆ ಅಂಶ ಎಂದು ಅಲ್ಲಿ ಬರೆದಿರುತ್ತದೆ, ಮಾಮೂಲಿ ಹಾಲಿನಲ್ಲೂ ಇರುವುದು ಅಷ್ಟೇ. ಹಾಗಾದರೆ ತೆಗೆದದ್ದೇನು?

ನಿಜ ಹೇಳಬೇಕೆಂದರೆ ಬಹುತೇಕ ಪೊಟ್ಟಣಗಳಲ್ಲಿ ಏನನ್ನೂ ತೆಗೆದಿರುವುದಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಎಂದರೆ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ಬದಿಗೆ ಗ್ಲೂಕೋಸ್, ಇನ್ನೊಂದು ಬದಿಗೆ ಗ್ಯಾಲಕ್ಟೋಸ್. ಲ್ಯಾಕ್ಟೇಸ್ ಮಾಡುವ ಕೆಲಸ ನೊಗ ಕಳಚುವುದಷ್ಟೇ. ಎತ್ತುಗಳೆರಡೂ ಹಾಲಿನಲ್ಲೇ ಉಳಿಯುತ್ತವೆ, ಆದ್ದರಿಂದ ಸಕ್ಕರೆಯ ಒಟ್ಟು ಲೆಕ್ಕ ಬದಲಾಗುವುದಿಲ್ಲ.

ಈ ಕೆಲಸವನ್ನು ನಮ್ಮ ಸಣ್ಣ ಕರುಳು ಹುಟ್ಟಿನಿಂದಲೇ ಬಲ್ಲದು. ಕರುಳಿನ ಒಳಗೋಡೆಯ ಕೋಶಗಳ ಅಂಚಿನಲ್ಲಿ ಇದೇ ಕಿಣ್ವ ಕೂತಿರುತ್ತದೆ. ಎದೆಹಾಲು ಕುಡಿಯುವ ಕೂಸಿನಲ್ಲಿ ಅದು ಧಾರಾಳವಾಗಿರುತ್ತದೆ. ಬೆಳೆದಂತೆ ಲೋಕದ ಹೆಚ್ಚಿನ ಜನರಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ, ಅದು ಕಾಯಿಲೆಯೇನಲ್ಲ. ಕೆಲವರಲ್ಲಿ ಮಾತ್ರ ಒಂದು ವಂಶವಾಹಿ ಬದಲಾವಣೆಯ ದೆಸೆಯಿಂದ ದೊಡ್ಡವರಾದ ಮೇಲೂ ಕಿಣ್ವ ಕುಂದುವುದಿಲ್ಲ. ಭಾರತದಲ್ಲಿ ಈ ಬದಲಾವಣೆ ವಾಯವ್ಯದ ಕಡೆ ಹೆಚ್ಚು. ಆಗ್ನೇಯಕ್ಕೆ ಬರಬರುತ್ತಾ ವಿರಳವಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪಂಜಾಬಿನಲ್ಲಿ ಉದ್ದ ಲೋಟದ ಲಸ್ಸಿ, ನಮ್ಮಲ್ಲಿ ನೀರು ಮಜ್ಜಿಗೆ ರೂಢಿಯಾದದ್ದಕ್ಕೂ ಇದಕ್ಕೂ ನಂಟಿದೆಯೇ ಎಂದು ಕೇಳುವ ಆಸೆಯಾಗುತ್ತದೆ, ಆದರೆ ಸೆಕೆಯೂ ದನಗಳ ತಳಿಯೂ ಆ ಲೆಕ್ಕದಲ್ಲಿವೆ, ಬಿಡಿ.

ಕಿಣ್ವ ಸಾಲದಾದಾಗ ಲ್ಯಾಕ್ಟೋಸ್ ಒಡೆಯದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಅದು ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್‌ನಂಥ ಅನಿಲ ಬಿಡುತ್ತವೆ. ಹೊಟ್ಟೆ ಉಬ್ಬರ, ಗುಡುಗುಡು, ನುಲಿತ, ಒಮ್ಮೊಮ್ಮೆ ಭೇದಿ, ಎಲ್ಲದರ ಮೂಲವೂ ಇದೇ.

ಡೇರಿಯವರು ಈ ಕರುಳಿನ ಕೆಲಸವನ್ನು ಉಕ್ಕಿನ ತೊಟ್ಟಿಯಲ್ಲಿ ಮಾಡಿಸುತ್ತಾರೆ. ಕಿಣ್ವ ಬರುವುದು ಹೆಚ್ಚಾಗಿ ಕ್ಲೂವೆರೋಮೈಸಿಸ್ ಲ್ಯಾಕ್ಟಿಸ್ ಎಂಬ ಯೀಸ್ಟ್‌ನಿಂದ. ಹಾಲಿನಲ್ಲಿ ಹುಳಿಯೂ ಇಲ್ಲ, ಕ್ಷಾರವೂ ಇಲ್ಲ, ಹೆಚ್ಚುಕಡಿಮೆ ತಟಸ್ಥ. ಈ ಯೀಸ್ಟಿನ ಲ್ಯಾಕ್ಟೇಸ್‌ಗೆ ಅಂಥ ಜಾಗವೇ ಹಿತ. ಪ್ಯಾಶ್ಚರೀಕರಿಸಿದ ಹಾಲನ್ನು ತಣಿಸಿ ತೊಟ್ಟಿಗೆ ಬಿಟ್ಟು, ಅಳತೆ ಮಾಡಿದ ಕಿಣ್ವ ಹಾಕಿ, ಮೆಲ್ಲಗೆ ಕಲಕುತ್ತಾರೆ. ಕಿಣ್ವ ಚುರುಕಾಗಿ ಓಡಾಡುವುದು ಮೈಬಿಸಿಯ ಆಸುಪಾಸಿನ ಶಾಖದಲ್ಲಿ. ಆದರೆ ಆ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಹಾಲು ಕೆಡುತ್ತದೆ. ಹಾಗಾಗಿ ಸುಮಾರು 5ರಿಂದ 8 ಡಿಗ್ರಿಯ ತಂಪಿನಲ್ಲಿ ಒಂದು ದಿನದವರೆಗೂ ಬಿಡುತ್ತಾರೆ. ಕೆಲಸ ನಿಧಾನ, ಹಾಲು ಮಾತ್ರ ಕ್ಷೇಮ. ಕೊನೆಗೆ ಮತ್ತೊಮ್ಮೆ ಕಾಯಿಸಿದಾಗ ಕಿಣ್ವ ಸತ್ತುಹೋಗುತ್ತದೆ. ಆದರೆ ಕಳಚಿದ ನೊಗ ಮತ್ತೆ ಕೂಡುವುದಿಲ್ಲ, ಮನೆಯಲ್ಲಿ ಎಷ್ಟು ಸಲ ಉಕ್ಕಿಸಿದರೂ ಆ ಹಾಲಿನಲ್ಲಿ ಲ್ಯಾಕ್ಟೋಸ್ ಹುಟ್ಟುವುದಿಲ್ಲ.

ತಿಂಗಳುಗಟ್ಟಲೆ ಹೊರಗಿಡಬಹುದಾದ ಡಬ್ಬಿ ಹಾಲಿಗೆ ಇನ್ನೊಂದು ದಾರಿಯಿದೆ. ಮೊದಲು ಅತಿ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿ ತಣಿಸಿಬಿಡುತ್ತಾರೆ. ಆಮೇಲೆ ಸೂಕ್ಷ್ಮ ಸೋಸುಗದಿಂದ ಕ್ರಿಮಿರಹಿತ ಮಾಡಿದ ಕಿಣ್ವವನ್ನು ಡಬ್ಬಿ ತುಂಬುವ ಹೊತ್ತಿಗೆ ಹನಿಯಷ್ಟೇ ಚುಚ್ಚುತ್ತಾರೆ. ಡಬ್ಬಿ ಗೋದಾಮಿನಲ್ಲಿ ಕೂತಿದ್ದಂತೆ ಒಳಗೆ ಕೆಲಸ ಕೆಲವು ದಿನಗಳಲ್ಲಿ ತಾನಾಗಿ ಮುಗಿಯುತ್ತದೆ. ಇದರಿಂದ ಕಿಣ್ವದ ಖರ್ಚು ಬಹಳ ಕಡಿಮೆಯಾಗುತ್ತದೆ, ಏಕೆಂದರೆ ಒಂದು ಕಿಣ್ವದ ಕಣ ಒಂದು ನೊಗ ಕಳಚಿ ಸುಮ್ಮನಾಗುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ. ಕಾಲಾವಕಾಶ ಎಷ್ಟು ಕೊಟ್ಟರೆ ಅಷ್ಟು ಕಡಿಮೆ ಕಿಣ್ವ ಸಾಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮಾತ್ರೆಯ ವಿಷಯ ಬಂದಾಗ ಬೇಕಾಗುತ್ತದೆ.

ಕೆಲಸ ಎಲ್ಲಿಗೆ ಬಂತು ಎಂದು ಡೇರಿಯವರು ತಿಳಿಯುವ ಬಗೆ ಚೆನ್ನಾಗಿದೆ. ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯಲು ಡೇರಿ ಪ್ರಯೋಗಾಲಯಗಳಲ್ಲಿ ಕ್ರಯೋಸ್ಕೋಪ್ ಎಂಬ ಯಂತ್ರವಿರುತ್ತದೆ, ಅದು ಹಾಲು ಯಾವ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ಅಳೆಯುತ್ತದೆ. ಶುದ್ಧ ಹಾಲು ಸೊನ್ನೆಗಿಂತ ಸುಮಾರು 0.52 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ನೀರು ಬೆರೆಸಿದ್ದರೆ ಆ ಅಂಕಿ ಸೊನ್ನೆಯ ಕಡೆಗೆ ಮೇಲೇರುತ್ತದೆ. ಲ್ಯಾಕ್ಟೇಸ್ ಹಾಕಿದ ಹಾಲಿನಲ್ಲಿ ಇದರ ತಿರುವುಮುರುವು. ಹೆಪ್ಪುಗಟ್ಟುವ ಬಿಂದು ನಿರ್ಧಾರವಾಗುವುದು ಕರಗಿದ ಕಣಗಳ ಎಣಿಕೆಯಿಂದ. ಒಂದು ಕಣ ಎರಡಾದಂತೆಲ್ಲ ಅಂಕಿ ಕೆಳಗಿಳಿಯುತ್ತಾ ಹೋಗಿ, ಪೂರ್ತಿ ಒಡೆದಾಗ ಸೊನ್ನೆಗಿಂತ ಸುಮಾರು 0.8 ಡಿಗ್ರಿ ಕೆಳಗೆ ನಿಲ್ಲುತ್ತದೆ. ಕಳ್ಳನನ್ನು ಹಿಡಿಯುವ ಯಂತ್ರಕ್ಕೆ ಇಲ್ಲಿ ಕೆಲಸಗಾರನ ಹಾಜರಿ ತೆಗೆದುಕೊಳ್ಳುವ ಕೆಲಸ.

ಆದರೆ ಕೊನೆಯ ಚೂರು ಲ್ಯಾಕ್ಟೋಸ್ ಈ ಯಂತ್ರಕ್ಕೆ ಕಾಣುವುದಿಲ್ಲ. ಆ ಚೂರೇ ಕಷ್ಟದ್ದು. ಲ್ಯಾಕ್ಟೋಸ್ ಕಡಿಮೆಯಾದಂತೆ ಕಿಣ್ವಕ್ಕೆ ಅದು ಸಿಗುವುದೇ ಅಪರೂಪವಾಗುತ್ತದೆ. ಬಿಡುಗಡೆಯಾದ ಗ್ಯಾಲಕ್ಟೋಸ್ ಬೇರೆ ಅಡ್ಡಬಂದು ಕಿಣ್ವವನ್ನು ನಿಧಾನಿಸುತ್ತದೆ. ನೂರು ಗ್ರಾಂ ಹಾಲಿನಲ್ಲಿ 0.1 ಗ್ರಾಂಗಿಂತ ಕಡಿಮೆ ಉಳಿದರೆ ಹಲವು ದೇಶಗಳಲ್ಲಿ ಲ್ಯಾಕ್ಟೋಸ್‌ಮುಕ್ತ ಎನ್ನಬಹುದು. ಫಿನ್ಲೆಂಡಿನಲ್ಲಿ ಇನ್ನೂ ಬಿಗಿ, 0.01 ಗ್ರಾಂ. ಅಷ್ಟು ಸಣ್ಣದನ್ನು ಅಳೆಯಲು ಬೇರೆ ಸೂಕ್ಷ್ಮ ಉಪಕರಣವೇ ಬೇಕು.

ಈಗ ಸಿಹಿಯ ಸಂಗತಿ. ಎಲ್ಲ ಸಕ್ಕರೆಗಳೂ ಸಮಾನ ಸಿಹಿಯಲ್ಲ. ನಾಲಗೆಯ ಮೇಲಿನ ಸಿಹಿಯ ಗ್ರಾಹಕಕ್ಕೆ ಯಾವ ಸಕ್ಕರೆ ಎಷ್ಟು ಚೆನ್ನಾಗಿ ಅಂಟುತ್ತದೆ ಎನ್ನುವುದರ ಮೇಲೆ ರುಚಿ ನಿಂತಿದೆ. ಅಡುಗೆಮನೆಯ ಸಕ್ಕರೆಯ ಸಿಹಿಯನ್ನು ನೂರು ಎಂದಿಟ್ಟುಕೊಂಡರೆ ಲ್ಯಾಕ್ಟೋಸ್‌ನದು ಇಪ್ಪತ್ತರ ಆಸುಪಾಸು. ಗ್ಲೂಕೋಸ್ ಎಪ್ಪತ್ತರ ಹತ್ತಿರ, ಗ್ಯಾಲಕ್ಟೋಸ್ ಅರವತ್ತರ ಸುಮಾರು. 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸುಮಾರು ಒಂಬತ್ತೂವರೆ ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅದು ನಾಲಗೆಗೆ ಎರಡು ಗ್ರಾಂ ಸಕ್ಕರೆಯಷ್ಟೇ ಸಿಹಿ. ಒಡೆದ ಮೇಲೆ ಗ್ಲೂಕೋಸ್, ಗ್ಯಾಲಕ್ಟೋಸ್ ತಲಾ ಐದು ಗ್ರಾಂನಷ್ಟಾಗಿ, ಎರಡೂ ಸೇರಿ ಆರು ಗ್ರಾಂಗಿಂತ ತುಸು ಹೆಚ್ಚು ಸಕ್ಕರೆಯ ಸಿಹಿ ಕೊಡುತ್ತವೆ. ವ್ಯತ್ಯಾಸ ನಾಲ್ಕು ಗ್ರಾಂ ದಾಟುತ್ತದೆ, ಅಂದರೆ ಒಂದು ಸಣ್ಣ ಚಮಚ. ಮೊದಲ ಗುಟುಕಿನಲ್ಲಿ ಗುಮಾನಿ ಹುಟ್ಟಿಸಿದ್ದು ಇದೇ ಚಮಚ.

ಸಿಹಿ ಹೆಚ್ಚಿದರೂ ಕ್ಯಾಲೊರಿ ಹೆಚ್ಚುವುದಿಲ್ಲ. ಹಾಗೆಂದು ಸಕ್ಕರೆ ಕಾಯಿಲೆಯವರು ಇದನ್ನು ಸಕ್ಕರೆಯಿಲ್ಲದ ಹಾಲು ಎಂದು ತಿಳಿಯಬಾರದು. ಲೆಕ್ಕದಲ್ಲಿ ಇದು ಮಾಮೂಲಿ ಹಾಲೇ, ಒಳಗಿನ ಗ್ಲೂಕೋಸ್ ಮಾತ್ರ ಒಡೆಯುವ ಶ್ರಮವಿಲ್ಲದೆ ನೇರ ಒಳಹೋಗುತ್ತದೆ.

ಈ ಸಿಹಿ ಎಲ್ಲರಿಗೂ ಹಿಡಿಸುವುದಿಲ್ಲ. ಊಟದ ಜೊತೆ ಹಾಲು ಕುಡಿಯುವ ಫಿನ್ಲೆಂಡಿನವರಿಗೆ ಅದು ದೊಡ್ಡ ತಕರಾರಾಯಿತು. ಅಲ್ಲಿನ ವಾಲಿಯೊ ಡೇರಿ 2001ರಲ್ಲಿ ತಂದ ಹಾಲಿನಲ್ಲಿ ಮೊದಲು ಲ್ಯಾಕ್ಟೋಸಿನ ಒಂದು ಭಾಗವನ್ನು ನಿಜವಾಗಿಯೂ ಬೇರ್ಪಡಿಸಿ ಹೊರಗೆ ತೆಗೆದು, ಉಳಿದದ್ದನ್ನಷ್ಟೇ ಕಿಣ್ವದಿಂದ ಒಡೆದರು. ಒಟ್ಟು ಸಕ್ಕರೆ ಕಡಿಮೆಯಾದ್ದರಿಂದ ಒಡೆದ ಮೇಲಿನ ಸಿಹಿ ಮಾಮೂಲಿ ಹಾಲಿನ ಮಟ್ಟಕ್ಕೆ ಬಂತು. ನಿಮ್ಮ ಕೈಲಿರುವ ಪೊಟ್ಟಣ ಯಾವ ಜಾತಿಯದೆಂದು ಪೌಷ್ಟಿಕಾಂಶದ ಪಟ್ಟಿಯೇ ಹೇಳುತ್ತದೆ. ನೂರು ಮಿಲಿಲೀಟರಿಗೆ ನಾಲ್ಕೂವರೆ, ಐದು ಗ್ರಾಂ ಸಕ್ಕರೆ ಅಂಶವಿದ್ದರೆ ಬರೀ ಒಡೆದದ್ದು. ಮೂರರ ಆಸುಪಾಸಿದ್ದರೆ ಒಂದಷ್ಟು ತೆಗೆದದ್ದು.

ಒಡೆದ ಸಕ್ಕರೆ ಒಲೆಯ ಮೇಲೂ ಬೇರೆ ಥರ ನಡೆದುಕೊಳ್ಳುತ್ತದೆ. ಗ್ಲೂಕೋಸ್, ಅದಕ್ಕಿಂತಲೂ ಹೆಚ್ಚಾಗಿ ಗ್ಯಾಲಕ್ಟೋಸ್, ಬಿಸಿಯಲ್ಲಿ ಹಾಲಿನ ಪ್ರೋಟೀನಿನ ಜೊತೆ ಬೇಗ ಕೂಡಿ ಕಂದುಬಣ್ಣ ತರುತ್ತವೆ. ಬಾಸುಂದಿಗೆಂದು ಈ ಹಾಲನ್ನು ಬತ್ತಿಸಲು ಇಟ್ಟರೆ ಮಾಮೂಲಿಗಿಂತ ಮುಂಚೆಯೇ ಕೆಂಪಗಾಗಿ, ಬಾಣಲೆಯ ತಳ ಹಿಡಿಯುವ ಭಯವೂ ಹೆಚ್ಚು. ಉರಿ ಸಣ್ಣ ಮಾಡಿ, ಹಾಕುವ ಸಕ್ಕರೆಯನ್ನೂ ಕಡಿತ ಮಾಡಿಕೊಳ್ಳಬೇಕು. ಹೊರಗಿಟ್ಟ ಡಬ್ಬಿ ಹಾಲಿನಲ್ಲೂ ಇದೇ ಕ್ರಿಯೆ ತಿಂಗಳುಗಳಲ್ಲಿ ಮೆಲ್ಲಗೆ ಸಾಗುತ್ತಿರುತ್ತದೆ. ಇನ್ನೊಂದು ಕೊರತೆಯೂ ಇದೆ. ಕಿಣ್ವವನ್ನು ಚೊಕ್ಕವಾಗಿ ಶುದ್ಧ ಮಾಡದಿದ್ದರೆ ಯೀಸ್ಟಿನಿಂದಲೇ ಬಂದ ಬೇರೆ ಕಿಣ್ವಗಳು ಅದರ ಜೊತೆ ನುಸುಳುತ್ತವೆ. ಕೆಲವು ಪ್ರೋಟೀನನ್ನು ಕತ್ತರಿಸಿ ಹಾಲನ್ನು ಕಹಿ ಮಾಡುತ್ತವೆ, ಕೆಲವು ಔಷಧಿಯಂಥ ವಾಸನೆ ಹುಟ್ಟಿಸುತ್ತವೆ. ಡಬ್ಬಿ ತುಂಬುವಾಗ ಹಾಕಿದ ಕಿಣ್ವ ಆಮೇಲೆ ಕಾಯುವುದಿಲ್ಲವಲ್ಲ, ಹಾಗಾಗಿ ಅಲ್ಲಿ ಈ ತೊಂದರೆ ಜಾಸ್ತಿ. ಗಡುವು ಸಮೀಪಿಸಿದ ಡಬ್ಬಿ ತುಸು ಹಳದಿಯಾಗಿ ನಾಲಗೆಯ ಹಿಂಭಾಗದಲ್ಲಿ ಕಹಿ ಉಳಿಸಿದರೆ ಕಾರಣ ಇದಿರಬಹುದು.

ಲ್ಯಾಕ್ಟೇಸ್ ಹನಿ ಔಷಧಿ ಅಂಗಡಿಯಲ್ಲಿ ಸಿಗುವುದರಿಂದ ಇದೇ ಕೆಲಸವನ್ನು ಮನೆಯಲ್ಲೂ ಮಾಡಬಹುದು. ಜನ ಎಡವುವುದು ಒಂದೇ ಕಡೆ, ಕುದಿದ ಹಾಲು ಬಿಸಿಯಿರುವಾಗಲೇ ಹನಿ ಹಾಕಿಬಿಡುತ್ತಾರೆ. ಅರವತ್ತು ಡಿಗ್ರಿಯ ಹಾಲಿನಲ್ಲಿ ಕಿಣ್ವ ಬದುಕುವುದಿಲ್ಲ. ಹಾಲು ಪೂರ್ತಿ ಆರಿದ ಮೇಲೆ ಚೀಟಿಯಲ್ಲಿ ಹೇಳಿದಷ್ಟು ಹನಿ ಹಾಕಿ ಕಲಕಿ, ಫ್ರಿಜ್ಜಿನಲ್ಲಿ ಒಂದು ದಿನ ಇಡಬೇಕು. ಕೆಲಸ ನಡೆದಿದೆಯೇ ಎಂದು ತಿಳಿಯಲು ಅದೇ ಹಾಲಿನ ಒಂದು ಲೋಟವನ್ನು ಹನಿ ಹಾಕದೆ ಪಕ್ಕದಲ್ಲಿಟ್ಟು ಎರಡರ ರುಚಿ ನೋಡಿದರೆ ಸಾಕು. ನಾಲಗೆಯ ಮೇಲೆ ನಂಬಿಕೆಯಿಲ್ಲದಿದ್ದರೆ ಮೂತ್ರದಲ್ಲಿ ಗ್ಲೂಕೋಸ್ ನೋಡುವ ಕಾಗದದ ಪಟ್ಟಿಯನ್ನು ಅದ್ದಿ ನೋಡಿ. ಸಾದಾ ಹಾಲಿನಲ್ಲಿ ಅದು ಬಣ್ಣ ತಿರುಗುವುದಿಲ್ಲ, ಒಡೆದ ಹಾಲಿನಲ್ಲಿ ತಿರುಗುತ್ತದೆ. ಪಟ್ಟಿ ಗುರುತಿಸುವುದು ಬಿಡಿ ಗ್ಲೂಕೋಸನ್ನು, ನೊಗದಲ್ಲಿರುವುದನ್ನಲ್ಲ.

ಡೇರಿಯ ತೊಟ್ಟಿಗೆ ಒಂದು ದಿನ ಸಿಕ್ಕಿತು. ಮಾತ್ರೆಗೆ ಸಿಗುವುದು ಒಂದು ಗಂಟೆಯೂ ಇಲ್ಲ, ಅದೂ ಹೊಟ್ಟೆಯ ಹುಳಿಯಲ್ಲಿ. ಯೀಸ್ಟಿನ ಕಿಣ್ವ ಆ ಹುಳಿಯಲ್ಲಿ ಬಾಳುವುದಿಲ್ಲ. ಮಾತ್ರೆಗಳಲ್ಲಿ ಇರುವುದು ಸಾಮಾನ್ಯವಾಗಿ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟಿನ ಕಿಣ್ವ. ಜಪಾನಿನವರು ಸೋಯಾ ಸಾಸ್ ಮಾಡಲು ಬಳಸುವುದು ಇದೇ ಬೂಷ್ಟನ್ನು. ಇದಕ್ಕೆ ಮಜ್ಜಿಗೆಯಂಥ ಹುಳಿ ಹಿತವಾದರೂ ಖಾಲಿ ಹೊಟ್ಟೆಯ ಕಡು ಆಮ್ಲ ಹಿತವಲ್ಲ. ಊಟ ಬಿದ್ದಾಗ ಆಮ್ಲ ತೆಳುವಾಗುತ್ತದೆ, ಮತ್ತೆ ನಿಧಾನವಾಗಿ ಏರುತ್ತದೆ. ಆ ನಡುವಿನ ಹೊತ್ತೇ ಮಾತ್ರೆಯ ಕೆಲಸದ ಹೊತ್ತು. ಅದಕ್ಕೇ ಮೊದಲ ತುತ್ತಿನ ಜೊತೆ ನುಂಗಿ ಎನ್ನುವುದು.

ಮದುವೆ ಊಟಕ್ಕೆ ಹೊರಟ ಒಬ್ಬರನ್ನು ನೆನೆದುಕೊಳ್ಳಿ. ಮನೆಯಲ್ಲೇ ಮರೆಯದೆ ಮಾತ್ರೆ ನುಂಗಿ ಛತ್ರಕ್ಕೆ ಹೋಗುತ್ತಾರೆ. ಮುಹೂರ್ತ ತಡವಾಗಿ ಎಲೆಯ ಮುಂದೆ ಕೂರುವ ಹೊತ್ತಿಗೆ ಎರಡು ಗಂಟೆ ಕಳೆದಿರುತ್ತದೆ, ಆ ಮಾತ್ರೆ ಅಷ್ಟರಲ್ಲಿ ಹಾಳಾಗಿಹೋಗಿರುತ್ತದೆ. ಈಗ ಎಲೆಯ ಮೇಲಿನದನ್ನು ಲೆಕ್ಕ ಹಾಕೋಣ, ಅಂದಾಜು ಲೆಕ್ಕ. ಶಾವಿಗೆ ಪಾಯಸ ಎರಡು ಸಲ ಬಡಿಸಿಕೊಂಡರೆ ಹತ್ತು ಗ್ರಾಂನಷ್ಟು ಲ್ಯಾಕ್ಟೋಸ್. ಒಂದು ಪೇಡೆಗೆ ಎರಡು ಮೂರು ಗ್ರಾಂ, ಖೋವಾ ಎಂದರೆ ಬತ್ತಿದ ಹಾಲೇ ತಾನೇ. ಮೊಸರನ್ನದಲ್ಲಿ ಎರಡು ಮೂರು. ಎದ್ದು ಕೈ ತೊಳೆದು, ಹೊರಗಿನ ಕೌಂಟರಿನಲ್ಲಿ ಸಾಲು ನಿಂತು ಪಡೆದ ಐಸ್‌ಕ್ರೀಮಿಗೆ ಇನ್ನೊಂದು ನಾಲ್ಕೈದು. ಒಟ್ಟು ಇಪ್ಪತ್ತರ ಹತ್ತಿರ.

ಪಾಯಸ ಬಡಿಸುವಾಗ ಮಾತ್ರೆ ನುಂಗಿದ್ದರೆ ಪಾಯಸವೂ ಪೇಡೆಯೂ ಅದರ ವ್ಯಾಪ್ತಿಗೆ ಬರುತ್ತಿದ್ದವು. ಮುಕ್ಕಾಲು ಗಂಟೆಯ ನಂತರದ ಐಸ್‌ಕ್ರೀಮಿಗೆ ಆ ಮಾತ್ರೆಯನ್ನು ನೆಚ್ಚಿಕೊಳ್ಳುವಂತಿಲ್ಲ, ಇನ್ನೊಂದು ಬೇಕಾಗುತ್ತದೆ. ಮೊಸರನ್ನದ ಚಿಂತೆ ಅಷ್ಟಿಲ್ಲ. ಮೊಸರಿನ ಬ್ಯಾಕ್ಟೀರಿಯಾಗಳು ಒಂದಷ್ಟು ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತವೆ, ಜೊತೆಗೆ ತಮ್ಮದೇ ಲ್ಯಾಕ್ಟೇಸನ್ನೂ ಹೊಟ್ಟೆಗೆ ತರುತ್ತವೆ. ತುಪ್ಪದಲ್ಲಂತೂ ಲ್ಯಾಕ್ಟೋಸ್ ಇಲ್ಲವೆನ್ನಬಹುದು.

ಮಾತ್ರೆಯ ಡಬ್ಬಿಯ ಮೇಲೆ 3000, 4500, 9000 ಎಂದು ಎಫ್‌ಸಿಸಿ ಘಟಕಗಳ ಅಂಕಿ ಇರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಲ್ಯಾಕ್ಟೋಸ್ ಜೀರ್ಣಕ್ಕೆ ನೆರವಾಗುತ್ತದೆ ಎಂದು ಬರೆಯಬೇಕಾದರೆ ಲ್ಯಾಕ್ಟೋಸ್ ಇರುವ ಪ್ರತಿ ಊಟಕ್ಕೆ ಕನಿಷ್ಠ 4500 ಘಟಕ ಇರಬೇಕು. ಇಷ್ಟು ಘಟಕ ಇಷ್ಟು ಗ್ರಾಂ ಲ್ಯಾಕ್ಟೋಸನ್ನು ಮುಗಿಸುತ್ತದೆ ಎಂದು ಮಾತ್ರ ಹೇಳಲಾಗದು. ಆ ಘಟಕವನ್ನು ಅಳೆಯುವುದು ಪ್ರಯೋಗಾಲಯದ ನಳಿಗೆಯಲ್ಲಿ, ಹಾಲಿನ ಮೇಲಲ್ಲ. ಒಡೆದಾಗ ಹಳದಿಯಾಗುವ ಒಂದು ಕೃತಕ ರಾಸಾಯನಿಕವನ್ನಿಟ್ಟು, 37 ಡಿಗ್ರಿ ಶಾಖದಲ್ಲಿ, ಕಿಣ್ವಕ್ಕೆ ಬೇಕಾದಷ್ಟೇ ಹುಳಿಯಲ್ಲಿ ಅಳೆಯುತ್ತಾರೆ. ಪಾಯಸ, ಪಿತ್ತ, ಆಮ್ಲ ಎಲ್ಲ ಕಲೆತ ನಿಜವಾದ ಹೊಟ್ಟೆ ಅಷ್ಟು ಶಿಸ್ತಿನ ಜಾಗವಲ್ಲ. ಆದ್ದರಿಂದ ಒಂದೇ ಮಾತ್ರೆ ಒಬ್ಬರಿಗೆ ಸಾಕು, ಇನ್ನೊಬ್ಬರಿಗೆ ಸಾಲದು. ಉಸಿರಿನಲ್ಲಿ ಹೈಡ್ರೋಜನ್ ಅಳೆದು ನೋಡಿದಾಗಲೂ ಮಾತ್ರೆಯಿಂದ ಅನಿಲ ತಗ್ಗುವುದು ಕಾಣುತ್ತದೆ, ಆದರೆ ಅದು ಪೂರ್ತಿ ನಿಲ್ಲುತ್ತದೆ ಎನ್ನಲಾಗದು.

ಮಾತ್ರೆ ಬೇಡದ ಸಂದರ್ಭಗಳೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಕಿಣ್ವ ಕಡಿಮೆಯಿರುವ ದೊಡ್ಡವರಲ್ಲೂ ಹೆಚ್ಚಿನವರು ಒಂದು ಸಲಕ್ಕೆ ಹನ್ನೆರಡು ಗ್ರಾಂ ಲ್ಯಾಕ್ಟೋಸನ್ನು, ಅದರಲ್ಲೂ ಊಟದ ಜೊತೆ, ಹೆಚ್ಚು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಬೈಟು ಕಾಫಿಯಲ್ಲಿ ಹಾಲು ನಲವತ್ತು ಐವತ್ತು ಮಿಲಿಲೀಟರ್, ಲ್ಯಾಕ್ಟೋಸ್ ಎರಡೂವರೆ ಗ್ರಾಂ ಮೀರುವುದಿಲ್ಲ. ಅದಕ್ಕೆ ಮಾತ್ರೆ ನುಂಗುವುದು ದಂಡ. ಇತರ ಕಾಯಿಲೆಗಳ ಗುಳಿಗೆಗಳಲ್ಲಿ ತುಂಬುವಸ್ತುವಾಗಿ ಬೆರೆಸುವ ಲ್ಯಾಕ್ಟೋಸ್ ಇನ್ನೂ ಕಡಿಮೆ, ಮಿಲಿಗ್ರಾಂಗಳ ಲೆಕ್ಕ. ನಿತ್ಯ ರಾತ್ರಿ ದೊಡ್ಡ ಲೋಟ ಹಾಲು ಕುಡಿಯುವ ಅಭ್ಯಾಸವಿದ್ದವರಿಗೆ ಮಾತ್ರೆಗಿಂತ ಲ್ಯಾಕ್ಟೋಸ್‌ಮುಕ್ತ ಹಾಲೇ ಮೇಲು, ಅಲ್ಲಿ ಕೆಲಸ ಮೊದಲೇ ಮುಗಿದಿದೆ. ಮಾತ್ರೆ ಇರುವುದು ಹೋಟೆಲು, ಮದುವೆ, ಪ್ರಯಾಣದಂಥ ಕಡೆಗೆ, ತಟ್ಟೆಗೆ ಏನು ಬೀಳುತ್ತದೆ ಎನ್ನುವುದು ನಮ್ಮ ಕೈಲಿಲ್ಲದಾಗ.

ಲ್ಯಾಕ್ಟೇಸ್ ಒಂದೇ ನೊಗವನ್ನು ಬಲ್ಲದು. ಹುರುಳಿ, ಕಡಲೆ ತಿಂದು ಹೊಟ್ಟೆಯುಬ್ಬಿದರೆ ಅಲ್ಲಿನ ಸಕ್ಕರೆಯ ಕಟ್ಟು ಬೇರೆ, ಈ ಮಾತ್ರೆಗೆ ಅದು ಬಿಡಿಸಲು ಬಾರದು. ಹಾಲು ಕುಡಿದರೆ ಮೈಮೇಲೆ ಗಂದೆ, ತುಟಿ ಊತ, ಉಬ್ಬಸ ಬರುವವರಿಗೆ ತೊಂದರೆ ಹಾಲಿನ ಪ್ರೋಟೀನಿನದು, ಸಕ್ಕರೆಯದಲ್ಲ. ಅವರಿಗೆ ಲ್ಯಾಕ್ಟೋಸ್‌ಮುಕ್ತ ಹಾಲೂ ಮಾಮೂಲಿ ಹಾಲಿನಷ್ಟೇ ಅಪಾಯ. ಗ್ಯಾಲಕ್ಟೋಸೀಮಿಯ ಎಂಬ ಅಪರೂಪದ ಕಾಯಿಲೆಯೊಂದಿಗೆ ಹುಟ್ಟಿದ ಮಕ್ಕಳ ಮೈ ಗ್ಯಾಲಕ್ಟೋಸನ್ನು ಬಳಸಿಕೊಳ್ಳಲಾರದು. ಒಡೆದ ಹಾಲಿನಲ್ಲಿ ಅದೇ ಬಿಡಿಯಾಗಿ ತೇಲುತ್ತಿರುವುದರಿಂದ ಪೊಟ್ಟಣದ ಮೇಲಿನ ‘ಮುಕ್ತ’ ಎಂಬ ಪದ ನೋಡಿ ಅಂಥ ಮಗುವಿಗೆ ಕೊಡುವಂತೆಯೇ ಇಲ್ಲ.

ತೊಂದರೆ ನಿಜಕ್ಕೂ ಲ್ಯಾಕ್ಟೋಸಿನದೇ ಎಂಬ ಅನುಮಾನವಿದ್ದರೆ, ಮತ್ತು ಹಾಲಿನಿಂದ ಅಲರ್ಜಿಯ ಲಕ್ಷಣ ಯಾವತ್ತೂ ಕಂಡಿರದಿದ್ದರೆ, ಆಸ್ಪತ್ರೆಯ ಉಸಿರಿನ ಪರೀಕ್ಷೆಗೆ ಮುಂಚೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ಮಾಮೂಲಿ ಹಾಲು, ಎರಡು ದಿನ ಬಿಟ್ಟು ಅಷ್ಟೇ ಲ್ಯಾಕ್ಟೋಸ್‌ಮುಕ್ತ ಹಾಲು. ಯಾವ ದಿನ ಯಾವುದು ಎಂದು ಮನೆಯವರಿಗೆ ಮಾತ್ರ ಗೊತ್ತಿರಲಿ, ಸಿಹಿಯಿಂದ ಗುಟ್ಟು ಬಯಲಾಗದಂತೆ ಮಾಮೂಲಿ ಹಾಲಿಗೆ ಒಂದು ಸಣ್ಣ ಚಮಚ ಸಕ್ಕರೆ ಬೆರೆಸಲಿ. ಮೊದಲನೆಯದಕ್ಕೆ ಮಾತ್ರ ಹೊಟ್ಟೆ ಗುಡುಗಿದರೆ ಲ್ಯಾಕ್ಟೋಸಿನ ಮೇಲಿನ ಅನುಮಾನ ಬಲವಾಯಿತು. ಎರಡಕ್ಕೂ ಗುಡುಗಿದರೆ ಕಾರಣ ಬೇರೆ ಕಡೆ ಇದೆ, ಮಾತ್ರೆಯ ಡಬ್ಬಿ ಕೊಳ್ಳುವ ಮುಂಚೆ ವೈದ್ಯರನ್ನು ಕಾಣುವುದು ಒಳ್ಳೆಯದು. ತೂಕ ಇಳಿಯುತ್ತಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಈ ಪ್ರಯೋಗಕ್ಕೂ ಕಾಯಬಾರದು.